ಆಕಾಶ ತಂದೆ, ಭೂಮಿ ತಾಯಿ: ಅವರು ಬೇರೆಯಾದ ಮತ್ತು ಮತ್ತೆ ಕೂಡಿದ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯಲ್ಲಿ ನಾವು ಕೆಲವರು ಸೇರಿ ಸೃಷ್ಟಿಕಥೆಗಳನ್ನು ಓದುತ್ತಾ ಬಂದಿದ್ದೇವೆ. ಹಾಗೆ ಓದುವಾಗ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಆಕಾಶವನ್ನು ತಂದೆಯೆಂದೂ ಭೂಮಿಯನ್ನು ತಾಯಿಯೆಂದೂ ಕರೆಯುವ ಕಥೆಗಳು ಬಹಳ ಇವೆ. ಅವುಗಳಲ್ಲಿ ನನ್ನ ಗಮನವೆಲ್ಲ ಒಂದೇ ಘಟ್ಟದ ಮೇಲಿದೆ: ಒಟ್ಟಿಗಿದ್ದ ಅವರಿಬ್ಬರೂ ಬೇರೆಯಾದದ್ದು ಹೇಗೆ, ಬೇರೆಯಾದ ಮೇಲೆ ಏನಾಯಿತು?

ನಮ್ಮಲ್ಲಿ ಈ ಕಲ್ಪನೆ ಮೊದಲು ಎಲ್ಲಿ ಕಾಣುತ್ತದೆ?

ಋಗ್ವೇದದಲ್ಲಿ. ಅಲ್ಲಿ ದ್ಯೌಃ ಎಂದರೆ ಹೊಳೆಯುವ ಆಕಾಶ, ಪೃಥಿವೀ ಎಂದರೆ ಹರಡಿಕೊಂಡವಳು, ವಿಶಾಲವಾದವಳು. ಇಬ್ಬರ ಹೆಸರನ್ನೂ ಬೆಸೆದು ದ್ಯಾವಾಪೃಥಿವೀ ಎಂದು ದ್ವಿವಚನದಲ್ಲಿ ಹೇಳುವುದೇ ಅಲ್ಲಿನ ವಾಡಿಕೆ. ಈ ಜೋಡಿಗೆ ಆರು ಸೂಕ್ತಗಳಿವೆ. ಪೃಥಿವಿಯೊಬ್ಬಳಿಗೇ ಮೀಸಲಾದದ್ದು ಐದನೆಯ ಮಂಡಲದ ಮೂರು ಮಂತ್ರಗಳ ಒಂದು ಚಿಕ್ಕ ಸೂಕ್ತ ಮಾತ್ರ, ದ್ಯೌಃಗೆಂದೇ ಮೀಸಲಾದ ಸೂಕ್ತ ಒಂದೂ ಇಲ್ಲ. ತಂದೆಯಾಗಿ ಅವನಿಗೆ ಸಲ್ಲುವ ಗೌರವವೆಲ್ಲ ತಾಯಿಯ ಜೊತೆಯಲ್ಲಿ ನಿಂತಾಗಲೇ ಸಲ್ಲುತ್ತದೆ.

ಎಲ್ಲರಿಗೂ ಪರಿಚಿತವಾದ ಸಾಲು ಮೊದಲ ಮಂಡಲದ 164ನೆಯ ಸೂಕ್ತದ್ದು: "ದ್ಯೌರ್ಮೇ ಪಿತಾ ಜನಿತಾ ನಾಭಿರತ್ರ ಬಂಧುರ್ಮೇ ಮಾತಾ ಪೃಥಿವೀ ಮಹೀಯಮ್." ಆಕಾಶ ನನ್ನನ್ನು ಹುಟ್ಟಿಸಿದ ತಂದೆ, ಈ ಮಹಾಭೂಮಿ ನನ್ನ ಬಂಧು, ನನ್ನ ತಾಯಿ ಎಂದು ಅರ್ಥ. ಭಾಷಣಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಮಂತ್ರದ ಉತ್ತರಾರ್ಧ ಇನ್ನೊಂದು ಚಿತ್ರವನ್ನು ಕೊಡುತ್ತದೆ. ಎದುರುಬದುರಾಗಿ ಚಾಚಿಕೊಂಡ ಎರಡು ಬಟ್ಟಲುಗಳ ನಡುವೆ ಗರ್ಭಸ್ಥಾನವಿದೆ, ಅಲ್ಲಿ ತಂದೆ ಮಗಳ ಗರ್ಭವನ್ನು ಇರಿಸಿದ ಎಂದು ಅದು ಹೇಳುತ್ತದೆ. ಒಂದೇ ಮಂತ್ರದೊಳಗೆ ತಾಯಿ ಬರುತ್ತಾಳೆ, ಮಗಳೂ ಬರುತ್ತಾಳೆ. ಈ ಸಂಬಂಧಗಳನ್ನು ಒಂದು ಮನೆಯ ವಂಶಾವಳಿಯಂತೆ ಬರೆಯಹೊರಟರೆ ಎಡವುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇಬ್ಬರಲ್ಲಿ ಮೊದಲು ಹುಟ್ಟಿದವರು ಯಾರು?

ಈ ಪ್ರಶ್ನೆಯನ್ನು ವೇದದ ಕವಿಯೇ ಕೇಳಿದ್ದಾನೆ. "ಕತರಾ ಪೂರ್ವಾ ಕತರಾಪರಾಯೋಃ", ಇವರಲ್ಲಿ ಮುಂಚಿನವರು ಯಾರು, ಆಮೇಲಿನವರು ಯಾರು, ಇವರು ಹೇಗೆ ಹುಟ್ಟಿದರು, ಕವಿಗಳೇ, ಯಾರು ಬಲ್ಲರು ಎಂದು ಮೊದಲ ಮಂಡಲದ 185ನೆಯ ಸೂಕ್ತ ಶುರುವಾಗುತ್ತದೆ. ಉತ್ತರವನ್ನು ಅವನು ಕೊಡುವುದಿಲ್ಲ. ಗ್ರೀಕರ ಕವಿ ಹೆಸಿಯೋಡ್ ಮಾತ್ರ ಸ್ಪಷ್ಟವಾಗಿ ಹೇಳುತ್ತಾನೆ: ಭೂಮಿಯಾದ ಗಾಯಾ ಮೊದಲು, ಅವಳೇ ಯಾರ ಸಂಗವೂ ಇಲ್ಲದೆ ಆಕಾಶನಾದ ಔರನೋಸ್‌ನನ್ನು ಹೆತ್ತಳು, ತನ್ನನ್ನು ಎಲ್ಲ ಕಡೆಯಿಂದ ಮುಚ್ಚುವಂತೆ ತನ್ನಷ್ಟೇ ದೊಡ್ಡವನನ್ನಾಗಿ ಹೆತ್ತಳು. ಆದ್ದರಿಂದ ಅಲ್ಲಿ ಆಕಾಶ ಭೂಮಿಯ ಗಂಡನೂ ಹೌದು, ಮಗನೂ ಹೌದು.

ಒಟ್ಟಿಗಿದ್ದ ಅವರನ್ನು ಬೇರೆ ಮಾಡಿದವರು ಯಾರು?

ಋಗ್ವೇದದಲ್ಲಿ ಈ ಕೆಲಸ ಒಬ್ಬನ ಹೆಸರಿನಲ್ಲಿಲ್ಲ. ವರುಣನ ನಿಯಮದಿಂದ ಅವರಿಬ್ಬರೂ ಬೇರೆಬೇರೆಯಾಗಿ ಆನಿಸಿ ನಿಲ್ಲಿಸಲ್ಪಟ್ಟಿದ್ದಾರೆ ಎಂದು ಆರನೆಯ ಮಂಡಲ ಹೇಳಿದರೆ, ಮೇಲಿನ ನೆಲೆಗೆ ಊರೆ ಕೊಟ್ಟವನು ವಿಷ್ಣು ಎಂದು ಮೊದಲ ಮಂಡಲ ಹೇಳುತ್ತದೆ. ಇಂದ್ರನ ಬಗ್ಗೆಯೂ ಇಂಥ ಮಾತುಗಳಿವೆ. ಈ ಮಂತ್ರಗಳಲ್ಲಿ ಬರುವ ಕ್ರಿಯಾಪದಗಳನ್ನು ಗಮನಿಸಬೇಕು: ಸ್ಕಭ್, ಸ್ತಭ್. ಎರಡಕ್ಕೂ ಊರೆ ಕೊಡು, ಆನಿಸಿ ನಿಲ್ಲಿಸು ಎಂಬ ಅರ್ಥ. ಕಂಬವೆಂಬ ಅರ್ಥದ ಸ್ಕಂಭ, ಸ್ತಂಭ ಎಂಬ ಪದಗಳು ಬಂದದ್ದು ಅಲ್ಲಿಂದಲೇ. ಮಾಡು ಬೀಳದಂತೆ ಕಂಬ ಕೊಟ್ಟ ಹಾಗೆ ಇಲ್ಲಿ ಕೆಲಸ ನಡೆದಿದೆ. ಯಾರನ್ನೂ ಕಡಿದಿಲ್ಲ, ಯಾರೂ ಅತ್ತಿಲ್ಲ.

ಬೇರೆ ಕಡೆ ಹೀಗಿಲ್ಲ. ಸುಮೇರಿನ ಕಥನಗಳಲ್ಲಿ ಆಕಾಶವಾದ ಆನ್ ಮತ್ತು ಭೂಮಿಯಾದ ಕಿ ಇವರ ನಡುವೆ ಎನ್ಲಿಲ್ ಬರುತ್ತಾನೆ. ಆನ್ ಮೇಲಿನದನ್ನು ಒಯ್ದ, ಎನ್ಲಿಲ್ ಕೆಳಗಿನದನ್ನು ಒಯ್ದ ಎಂದು ಆಸ್ತಿ ಪಾಲಾದ ಧಾಟಿಯಲ್ಲಿ ಹೇಳಿದ್ದಾರೆ. ಹಿಟ್ಟೈಟ್ ಜನರ ಕಥೆಯಲ್ಲಿ ಆಕಾಶವನ್ನು ಭೂಮಿಯಿಂದ ಕತ್ತರಿಸಿ ಬಿಡಿಸಿದ ಹಳೆಯ ತಾಮ್ರದ ಆಯುಧವೊಂದಿದೆ. ದೇವತೆಗಳು ಅದನ್ನು ಹಿರಿಯರ ಉಗ್ರಾಣದಲ್ಲಿ ಜೋಪಾನವಾಗಿಟ್ಟು, ಮುಂದೊಂದು ದಿನ ಕಲ್ಲಿನ ದೈತ್ಯನನ್ನು ಬುಡದಿಂದ ಬಿಡಿಸುವುದಕ್ಕೆ ಹೊರತೆಗೆಯುತ್ತಾರೆ. ಗ್ರೀಕರಲ್ಲಿ ಆಕಾಶ ತನ್ನ ಮಕ್ಕಳನ್ನು ಹೊರಬರಲು ಬಿಡದೆ ಭೂಮಿಯ ಒಡಲಿಗೇ ತಳ್ಳುತ್ತಿದ್ದ. ಆ ನೋವು ತಾಳಲಾರದೆ ತಾಯಿಯೇ ಕುಡುಗೋಲೊಂದನ್ನು ಮಾಡಿ ಕೊಟ್ಟಳು, ಕಿರಿಯ ಮಗ ಕ್ರೋನೋಸ್ ತಂದೆಯನ್ನು ಅದರಿಂದ ಕೊಯ್ದ.

ಮಾವೋರಿ ಜನರ ರಂಗಿ ಮತ್ತು ಪಾಪಾ ಕಥೆಯನ್ನು ಎಲ್ಲರೂ ಉದಾಹರಿಸುತ್ತಾರೆ. ಅದರಲ್ಲಿ ನಿಜವಾಗಿ ಏನಿದೆ?

ನ್ಯೂಜಿಲೆಂಡಿನ ಮಾವೋರಿ ಜನರಲ್ಲಿ ಈ ಕಥೆಗೆ ಬುಡಕಟ್ಟಿಗೊಂದು ರೂಪವಿದೆ. ಹೊರಜಗತ್ತಿಗೆ ಹೆಚ್ಚು ಪರಿಚಯವಾದದ್ದು ತೆ ಅರಾವಾ ಬುಡಕಟ್ಟಿನ ತೆ ರಂಗಿಕಾಹೆಕೆ ಎಂಬವರು 1849ರ ಹೊತ್ತಿಗೆ ತಮ್ಮ ಭಾಷೆಯಲ್ಲಿ ಬರೆದುಕೊಟ್ಟ ರೂಪ. ಅದನ್ನು ನಿಧಾನವಾಗಿ ಹೇಳಬೇಕು, ಏಕೆಂದರೆ ಸಾರಾಂಶದಲ್ಲಿ ಅದರ ಜೀವವೇ ಹೋಗುತ್ತದೆ.

ಆಕಾಶ ರಂಗಿನುಯಿ ಮತ್ತು ಭೂಮಿ ಪಾಪಾತುವಾನುಕು ಬಿಗಿಯಾಗಿ ಅಪ್ಪಿಕೊಂಡು ಮಲಗಿದ್ದರು. ಅವರ ಮಕ್ಕಳು ಆ ಅಪ್ಪುಗೆಯ ನಡುವೆ ಕತ್ತಲೆಯಲ್ಲಿ ಸಿಕ್ಕಿಕೊಂಡಿದ್ದರು. ಬೆಳಕಿಗಾಗಿ ಹಂಬಲಿಸಿದ ಮಕ್ಕಳು ಕೂತು ಸಮಾಲೋಚನೆ ಮಾಡಿದರು. ಯುದ್ಧದ ದೇವ ತೂಮತವೆಂಗ ಇಬ್ಬರನ್ನೂ ಕೊಂದುಬಿಡೋಣ ಎಂದ. ಕಾಡಿನ ದೇವ ತಾನೆ ಬೇಡ ಎಂದ: ತಂದೆ ದೂರ ಮೇಲೆ ಹೋಗಲಿ, ತಾಯಿ ನಮ್ಮನ್ನು ಸಾಕಲು ಹತ್ತಿರವೇ ಇರಲಿ. ಉಳಿದವರು ಒಪ್ಪಿದರು, ಆದರೆ ಗಾಳಿಯ ದೇವ ತಾವ್ಹಿರಿಮಾತೆಯ ಒಪ್ಪಲಿಲ್ಲ, ತಂದೆತಾಯಿಯನ್ನು ಅಗಲಿಸುವುದೇ ಅವನಿಗೆ ಸಹಿಸದಾಯಿತು.

ಮೊದಲು ಬೆಳೆಸಿದ ಬೆಳೆಯ ದೇವ ಎದ್ದು ತಳ್ಳಿದ, ಆಗಲಿಲ್ಲ. ಸಮುದ್ರದ ದೇವ ತಳ್ಳಿದ, ಆಗಲಿಲ್ಲ. ಕಾಡುಗೆಣಸುಗಳ ದೇವನಿಂದಲೂ ಆಗಲಿಲ್ಲ. ತೂಮತವೆಂಗ ಅವರ ನರಗಳನ್ನು ಕಡಿಯತೊಡಗಿದ, ಅದರಿಂದಲೂ ಅವರು ಬಿಡಿಸಿಕೊಳ್ಳಲಿಲ್ಲ. ಕೊನೆಗೆ ತಾನೆ ಎದ್ದ. ಕೈಗಳಿಂದ ತಳ್ಳಿ ಸೋತ ಮೇಲೆ ತಲೆಯನ್ನು ತಾಯಿಯ ಮೇಲೆ ಊರಿ, ಕಾಲುಗಳನ್ನು ತಂದೆಗೆ ಕೊಟ್ಟು, ಬೆನ್ನು ಸೆಟೆಸಿ ನಿಧಾನವಾಗಿ ಒತ್ತಿದ. ಮರ ಬೆಳೆಯುವ ಹಾಗೆ ಒತ್ತಿದ ಎಂದು ನಾನು ಓದಿಕೊಳ್ಳುತ್ತೇನೆ, ಅವನು ಕಾಡಿನ ದೇವನಲ್ಲವೇ? ತಂದೆತಾಯಿ ಕೂಗಿಕೊಂಡರು, ಇಂಥ ಘೋರ ಕೆಲಸ ಏಕೆ ಮಾಡುತ್ತೀರಿ ಎಂದು ಕೇಳಿದರು. ಅವನು ನಿಲ್ಲಿಸಲಿಲ್ಲ. ಬೆಳಕು ಒಳಗೆ ಬಂತು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಗಾಳಿಯ ದೇವ ತಂದೆಯ ಜೊತೆ ಮೇಲಕ್ಕೆ ಹೋಗಿ, ಬಿರುಗಾಳಿಗಳನ್ನು ಕಟ್ಟಿಕೊಂಡು ಬಂದು ಅಣ್ಣತಮ್ಮಂದಿರ ಮೇಲೆ ಬಿದ್ದ, ತಾನೆಯ ಮರಗಳನ್ನು ಮುರಿದ, ಸಮುದ್ರವನ್ನು ಕಲಕಿದ. ಮೇಲಿನ ತಂದೆಯ ಕಣ್ಣೀರು ಇಂದಿಗೂ ಇಳಿಯುತ್ತದೆ, ಕೆಳಗಿನ ತಾಯಿಯ ನಿಟ್ಟುಸಿರು ಮಂಜಾಗಿ ಏರುತ್ತದೆ. ಮಾವೋರಿ ಭಾಷೆಯಲ್ಲಿ ನೆಲಕ್ಕೂ ಹೆರಿಗೆಯ ಮಾಸಿಗೂ ಒಂದೇ ಪದ, ಫೆನುವಾ. ಭೂಮಿ ತಾಯಿ ಎಂಬ ಮಾತು ಅಲ್ಲಿ ಭಾಷೆಯ ಒಳಗೇ ಹುದುಗಿದೆ.

ಬೇರೆಯಾಗುವುದು ಎಲ್ಲ ಕಥೆಗಳಲ್ಲೂ ಬಿಡುಗಡೆಯೇ?

ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಮಾವೋರಿಗಳಲ್ಲಿ, ಗ್ರೀಕರಲ್ಲಿ ತಂದೆತಾಯಿ ಹತ್ತಿರವಿರುವುದೇ ಕಷ್ಟ, ಅಗಲಿಕೆಯೇ ಪರಿಹಾರ. ನಮ್ಮ ಐತರೇಯ ಬ್ರಾಹ್ಮಣದ ನಾಲ್ಕನೆಯ ಪಂಚಿಕೆಯಲ್ಲಿ ಇದರ ತಲೆಕೆಳಗಾದ ಕಥೆಯೊಂದು ಕೆಲವೇ ವಾಕ್ಯಗಳಲ್ಲಿದೆ. ಅಲ್ಲಿ ಅಗಲಿಕೆಯೇ ಕಷ್ಟ.

ಈ ಎರಡು ಲೋಕಗಳು ಒಟ್ಟಿಗಿದ್ದವು, ಅವು ಅಗಲಿದವು ಎಂದು ಅದು ಶುರುವಾಗುತ್ತದೆ. ಏಕೆ ಅಗಲಿದವು ಎಂದು ಹೇಳುವುದಿಲ್ಲ, ಯಾರೂ ತಳ್ಳಿದ ಹಾಗಿಲ್ಲ. ಅಗಲಿದ ಮೇಲೆ ಮಳೆ ಬೀಳಲಿಲ್ಲ, ಬಿಸಿಲು ಕಾಯಲಿಲ್ಲ, ಐದು ಜನಾಂಗಗಳ ನಡುವೆ ಹೊಂದಾಣಿಕೆ ಉಳಿಯಲಿಲ್ಲ. ಮಳೆ, ಬಿಸಿಲು, ಜನರ ಒಗ್ಗಟ್ಟು ಎಂಬ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಆಗ ದೇವತೆಗಳು ಇಬ್ಬರನ್ನೂ ಹತ್ತಿರಕ್ಕೆ ಕರೆತಂದರು. ಕೂಡುತ್ತಾ ಅವರು ಮಾಡಿಕೊಂಡದ್ದೇ ದೇವವಿವಾಹ.

ಆದರೆ ಮದುವೆಯಾದ ಮೇಲೂ ಅವರು ಮೊದಲಿನ ಹಾಗೆ ಅಂಟಿಕೊಳ್ಳಲಿಲ್ಲ. ನಡುವಿನ ಅಂತರ ಹಾಗೆಯೇ ಉಳಿಯಿತು, ಕೊಡುಕೊಳ್ಳುವುದು ಮಾತ್ರ ಶುರುವಾಯಿತು. ಭೂಮಿ ಹೊಗೆಯಿಂದ ಆಕಾಶವನ್ನು ತಣಿಸುತ್ತಾಳೆ, ಆಕಾಶ ಮಳೆಯಿಂದ ಭೂಮಿಯನ್ನು ತಣಿಸುತ್ತದೆ. ಭೂಮಿ ತನ್ನ ಯಜ್ಞಭೂಮಿಯನ್ನು ಆಕಾಶದಲ್ಲಿ ಇಟ್ಟಳು, ಚಂದ್ರನಲ್ಲಿ ಕಪ್ಪಾಗಿ ಕಾಣುವುದು ಅದೇ. ಆಕಾಶ ಭೂಮಿಯಲ್ಲಿ ಪಶುಗಳನ್ನು ಇಟ್ಟಿತು. ಹುಣ್ಣಿಮೆಯ ರಾತ್ರಿ ಮಲ್ಪೆಯ ಕಡಲ ದಂಡೆಯಲ್ಲಿ ನಿಂತು ಚಂದ್ರನ ಮೇಲಿನ ಆ ಕಪ್ಪನ್ನು ನೋಡುವಾಗ, ಮೊಲವೆಂದು ಮಕ್ಕಳಿಗೆ ತೋರಿಸುವ ಅದೇ ಗುರುತನ್ನು ಹಿಂದೊಬ್ಬರು ಮದುವೆಯ ಉಡುಗೊರೆಯೆಂದು ಕಂಡಿದ್ದರು ಎಂಬುದು ನನಗೆ ನೆನಪಾಗುತ್ತದೆ.

ಇದು ಪುಸ್ತಕದಲ್ಲಿ ಮಾತ್ರ ಉಳಿದಿದೆಯೇ?

ಇಲ್ಲ. ನಮ್ಮೂರಿನ ವೈದಿಕ ಪದ್ಧತಿಯ ಮದುವೆಗಳಲ್ಲಿ ಕಿವಿಗೊಟ್ಟರೆ ಅದು ಕೇಳಿಸುತ್ತದೆ. ಆಶ್ವಲಾಯನ ಗೃಹ್ಯಸೂತ್ರದ ಕ್ರಮದಲ್ಲಿ, ವರನು ವಧುವಿನ ಕೈ ಹಿಡಿದು ಅಗ್ನಿಗೆ ಮತ್ತು ನೀರಿನ ಕಲಶಕ್ಕೆ ಮೂರು ಸುತ್ತು ಬರುವಾಗ ಮಂತ್ರವೊಂದನ್ನು ಹೇಳುತ್ತಾನೆ. ಅದರ ನಡುವೆ "ದ್ಯೌರಹಂ ಪೃಥಿವೀ ತ್ವಮ್" ಎಂದು ಬರುತ್ತದೆ, ನಾನು ಆಕಾಶ, ನೀನು ಭೂಮಿ. ಅದರ ಜೊತೆಗೇ ನಾನು ಸಾಮ, ನೀನು ಋಕ್ ಎಂದೂ ಇದೆ. ಋಕ್ಕಿನ ಮಾತುಗಳ ಮೇಲೆ ಸಾಮದ ರಾಗ ಕೂರುತ್ತದೆ, ಮಾತಿಲ್ಲದೆ ರಾಗಕ್ಕೆ ನೆಲೆಯಿಲ್ಲ. ಛತ್ರದ ಓಲಗದ ಸದ್ದಿನಲ್ಲಿ, ಪುರೋಹಿತರು ತುಂಡುತುಂಡಾಗಿ ಹೇಳಿಕೊಡುವಾಗ ಈ ನಾಲ್ಕು ಪದಗಳು ಸುಲಭವಾಗಿ ತಪ್ಪಿಹೋಗುತ್ತವೆ. ಅಗ್ನಿಯ ಸುತ್ತ ಬರುವ ಹೊತ್ತಿಗೆ ಒಂದಿಷ್ಟು ಹತ್ತಿರ ಹೋಗಿ ನಿಂತರೆ ಸಿಗುತ್ತವೆ.

ದ್ಯೌಃ, ಜ್ಯೂಸ್, ಜುಪಿಟರ್ ಒಂದೇ ಹೆಸರು ಎನ್ನುತ್ತಾರೆ. ಹೌದೇ?

ಹೌದು. ದ್ಯೌಃ ಪಿತಾ, ಗ್ರೀಕರ ಜ್ಯೂಸ್ ಪಾತೇರ್, ರೋಮನರ ಜುಪಿಟರ್ ಇವೆಲ್ಲ ಒಂದೇ ಮೂಲದಿಂದ ಬಂದವು ಎಂಬುದರಲ್ಲಿ ಭಾಷಾಶಾಸ್ತ್ರಜ್ಞರಿಗೆ ಅನುಮಾನವಿಲ್ಲ. ಆದರೆ ಎರಡು ಕಡೆ ಎಚ್ಚರ ಬೇಕು. ತಾಯಿಯ ಹೆಸರು ಹೀಗೆ ಹೊಂದುವುದಿಲ್ಲ, ಪೃಥಿವಿ ಮತ್ತು ಗಾಯಾ ಬೇರೆಬೇರೆ ಪದಗಳು. ಇನ್ನೊಂದು, ಹೆಸರು ಒಂದಾದ ಮಾತ್ರಕ್ಕೆ ಕಥೆ ಒಂದಾಗುವುದಿಲ್ಲ. ಗ್ರೀಕರಲ್ಲಿ ಭೂಮಿಯ ಗಂಡನಾಗಿರುವವನು ಔರನೋಸ್, ಜ್ಯೂಸ್ ಅವನ ಮೊಮ್ಮಗ. ಔರನೋಸ್ ಮತ್ತು ವರುಣ ಒಂದೇ ಪದ ಎಂದು ಹಿಂದೆ ಬರೆಯುತ್ತಿದ್ದರು, ಧ್ವನಿನಿಯಮಕ್ಕೆ ಹೊಂದದ ಕಾರಣ ಆ ವಾದವನ್ನು ಈಗ ಸಾಮಾನ್ಯವಾಗಿ ಕೈಬಿಟ್ಟಿದ್ದಾರೆ. ಹಳೆಯ ಪುಸ್ತಕಗಳಿಂದ ಬರೆದುಕೊಂಡವರ ಲೇಖನಗಳಲ್ಲಿ ಇದು ಇನ್ನೂ ಓಡಾಡುತ್ತಿದೆ.

ಎಲ್ಲ ಕಡೆಯೂ ಆಕಾಶವೇ ಗಂಡು, ಭೂಮಿಯೇ ಹೆಣ್ಣೇ?

ಅಲ್ಲ. ಈಜಿಪ್ಟಿನಲ್ಲಿ ಆಕಾಶ ನೂತ್ ಎಂಬ ದೇವಿ, ಭೂಮಿ ಗೆಬ್ ಎಂಬ ದೇವ. ಗೆಬ್ ನೆಲದ ಮೇಲೆ ಒರಗಿರುತ್ತಾನೆ, ನಕ್ಷತ್ರಗಳಿಂದ ತುಂಬಿದ ಮೈಯ ನೂತ್ ಬೆರಳುಗಳನ್ನೂ ಪಾದಗಳನ್ನೂ ನೆಲಕ್ಕೆ ಊರಿ ಅವನ ಮೇಲೆ ಕಮಾನಿನಂತೆ ಬಾಗಿರುತ್ತಾಳೆ, ಅವರ ತಂದೆಯಾದ ಗಾಳಿಯ ದೇವ ಶೂ ನಡುವೆ ನಿಂತು ಎರಡೂ ಕೈಗಳಿಂದ ಮಗಳನ್ನು ಎತ್ತಿ ಹಿಡಿದಿರುತ್ತಾನೆ. ಈಜಿಪ್ಟಿನಲ್ಲಿ ಬೆಳೆಗೆ ನೀರು ಬರುತ್ತಿದ್ದದ್ದು ಮಳೆಯಿಂದಲ್ಲ, ನೈಲ್ ನದಿಯ ನೆರೆಯಿಂದ. ಆದ್ದರಿಂದ ಅಲ್ಲಿ ಆಕಾಶಕ್ಕೆ ತಂದೆಯ ಪಾತ್ರ ಸಿಗಲಿಲ್ಲ ಎಂದು ಹಲವರು ವಿವರಿಸುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಅದೊಂದರ ಮೇಲೆ ಭಾರ ಹಾಕಲು ನನಗೆ ಧೈರ್ಯವಿಲ್ಲ. ಆ ಭಾಷೆಯಲ್ಲಿ ಆಕಾಶವೆಂಬ ಪದ ಸ್ತ್ರೀಲಿಂಗ, ನೆಲವೆಂಬ ಪದ ಪುಲ್ಲಿಂಗ. ವ್ಯಾಕರಣವೂ ಚಿತ್ರವನ್ನು ರೂಪಿಸಿರಬಹುದು.

ನಮ್ಮಲ್ಲಿಯೂ ಇದು ಅಷ್ಟು ಗಟ್ಟಿಯಲ್ಲ. ಋಗ್ವೇದದಲ್ಲಿ ದ್ಯೌಃ ಎಂಬ ಪದ ಕೆಲವೊಮ್ಮೆ ಸ್ತ್ರೀಲಿಂಗದಲ್ಲಿ ಬರುತ್ತದೆ, ಈ ಜೋಡಿಯನ್ನು ಇಬ್ಬರು ತಾಯಂದಿರು ಎಂದೂ ಕರೆದಿದ್ದಾರೆ.

ಇಂಥ ಜೋಡಿಯೇ ಇಲ್ಲದ ಸೃಷ್ಟಿಕಥೆಗಳೂ ಸಾಕಷ್ಟಿವೆ. ಪಶ್ಚಿಮ ಆಫ್ರಿಕಾದ ಅಕಾನ್ ಜನರ ಕಥೆಯೊಂದರಲ್ಲಿ ಆಕಾಶದ ದೇವ ಹಿಂದೆ ತೀರ ಕೆಳಗಿದ್ದ. ಅಜ್ಜಿಯೊಬ್ಬಳು ಒನಕೆಯಲ್ಲಿ ಕುಟ್ಟುವಾಗ ಪ್ರತಿ ಸಲವೂ ಒನಕೆಯ ತುದಿ ಅವನಿಗೆ ತಾಗುತ್ತಿತ್ತು, ಬೇಸತ್ತು ಅವನು ಮೇಲಕ್ಕೆ ಹೊರಟುಹೋದ. ಅಲ್ಲಿ ಅಗಲಿಕೆ ಇದೆ, ದಾಂಪತ್ಯವಿಲ್ಲ. ಈ ಎರಡನ್ನೂ ಬೆರೆಸಿದರೆ ಜಗತ್ತಿನಲ್ಲೆಲ್ಲ ಒಂದೇ ಕಥೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ದ್ಯೌಃ ಈಗ ಎಲ್ಲಿದ್ದಾನೆ? ಅವನಿಗೆ ಗುಡಿ ಏಕಿಲ್ಲ?

ಅವನ ಸ್ಥಾನ ಬೇರೆಯವರಿಗೆ ಹೋಯಿತು, ಅದು ವೇದಕಾಲದಲ್ಲೇ ಶುರುವಾಗಿತ್ತು. ಅಥರ್ವವೇದದ ಭೂಮಿಸೂಕ್ತದಲ್ಲಿ "ಮಾತಾ ಭೂಮಿಃ ಪುತ್ರೋ ಅಹಂ ಪೃಥಿವ್ಯಾಃ" ಎಂಬ ಸಾಲನ್ನು ಶಾಲೆಯ ಗೋಡೆಗಳ ಮೇಲೂ ಬರೆದಿರುತ್ತಾರೆ. ಅದರ ಮುಂದಿನ ಮಾತು "ಪರ್ಜನ್ಯಃ ಪಿತಾ ಸ ಉ ನಃ ಪಿಪರ್ತು." ತಂದೆ ಪರ್ಜನ್ಯ, ಅಂದರೆ ಮಳೆ. ಇಡೀ ಆಕಾಶದ ಬದಲು ಆಕಾಶ ಕೊಡುವ ಒಂದು ವಸ್ತುವೇ ತಂದೆಯಾಗಿ ನಿಂತಿದೆ. ಪುರಾಣಗಳ ಹೊತ್ತಿಗೆ ಭೂದೇವಿ ವಿಷ್ಣುವಿನ ಮಡದಿಯಾದಳು, ನೀರಿನಿಂದ ಅವಳನ್ನು ಎತ್ತಿದ ವರಾಹನಿಂದ ಅವಳಿಗೆ ನರಕಾಸುರ ಹುಟ್ಟಿದ. ದೀಪಾವಳಿಯ ಹಿಂದಿನ ರಾತ್ರಿ ನಾವು ನೀರು ತುಂಬುವಾಗ ನೆನೆಯುವ ಆ ಕಥೆಯಲ್ಲಿ ಭೂಮಿ ತಾಯಿಯಾಗಿಯೇ ಇದ್ದಾಳೆ, ಆಕಾಶ ಮಾತ್ರ ಕಥೆಯಿಂದ ಹೊರಗೆ ಹೋಗಿದೆ.

ನಮ್ಮ ತುಳುನಾಡಿನ ಕೆಡ್ಡಸ ಹಬ್ಬವೂ ಇದೇ ಕಲ್ಪನೆಯೇ?

ಭೂಮಿ ತಾಯಿ ಎಂಬ ಅರ್ಧ ಮಾತ್ರ. ತುಳುವರ ಪೊನ್ನಿ ತಿಂಗಳ ಕೊನೆಯ ಮೂರು ದಿನ, ಫೆಬ್ರವರಿಯ ಎರಡನೆಯ ವಾರದ ಆಸುಪಾಸಿನಲ್ಲಿ, ಭೂಮಿ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಾರೆ ಮುಟ್ಟುವಂತಿಲ್ಲ. ಕೊನೆಯ ದಿನ ನನ್ನ ಅಮ್ಮ ತುಳಸಿಕಟ್ಟೆಯ ಬಳಿ ಅಂಗಳವನ್ನು ಸಗಣಿ ಸಾರಿಸಿ, ಬಾಳೆ ಎಲೆಯಲ್ಲಿ ಸೀಗೆ, ಅರಸಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಟ್ಟು, ತೆಂಗಿನೆಣ್ಣೆಯನ್ನು ಗರಿಕೆಯಿಂದ ನೆಲಕ್ಕೆ ಬಿಡುತ್ತಿದ್ದರು. ಎಣ್ಣೆಯ ಹನಿ ಸಗಣಿಯ ಹಸಿರಿನ ಮೇಲೆ ಒಂದು ಕ್ಷಣ ಮಿಂಚಿ ಇಂಗಿಹೋಗುತ್ತಿತ್ತು. ಹೆಂಗಸೊಬ್ಬಳಿಗೆ ತಲೆಸ್ನಾನ ಮಾಡಿಸುವ ಸಿದ್ಧತೆಯೇ ಅದು, ಯಾವ ವ್ಯತ್ಯಾಸವೂ ಇಲ್ಲ. ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಬೆರೆಸಿದ ತಿನಿಸನ್ನು ಮಕ್ಕಳಿಗೆ ಹಂಚುತ್ತಿದ್ದರು.

ಈ ಆಚರಣೆಯೊಳಗೆ ಗಂಡನ ಹೆಸರಿಲ್ಲ. ಒಡಿಶಾದ ರಜ ಹಬ್ಬದಲ್ಲಿಯೂ ಭೂಮಿ ಮೂರು ದಿನ ಮುಟ್ಟಾಗುತ್ತಾಳೆ, ಆದರೆ ಅದು ಬರುವುದು ಜೂನ್ ನಡುವಿನಲ್ಲಿ, ಮಳೆ ಶುರುವಾಗುವ ಹೊತ್ತಿಗೆ. ಅಲ್ಲಿ ಮುಟ್ಟು, ಮಳೆ, ಬಿತ್ತನೆ ಎಂಬ ಸರಣಿಯನ್ನು ಕಾಣುವುದು ಸುಲಭ. ಕೆಡ್ಡಸ ಬರುವಾಗ ನಮ್ಮಲ್ಲಿ ಆಕಾಶ ಒಣಗಿ ಬೆಳ್ಳಗಿರುತ್ತದೆ, ಕಾರ್ತೆಲು ತಿಂಗಳ ಮಳೆಗೆ ಇನ್ನೂ ನಾಲ್ಕು ತಿಂಗಳಿರುತ್ತದೆ. ಆದ್ದರಿಂದ ಕೆಡ್ಡಸಕ್ಕೆ ದ್ಯಾವಾಪೃಥಿವಿಯ ವಿವರಣೆಯನ್ನು ಹೊರಿಸುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಅಲ್ಲಿ ಎಣ್ಣೆ ಪಡೆಯುವವಳು ಯಾರ ಹೆಂಡತಿಯೂ ಆಗಿ ನಿಂತಿಲ್ಲ. ಆ ಮೂರು ದಿನ ಅವಳಿಗೆ ಬೇಕಾದದ್ದು ವಿಶ್ರಾಂತಿ, ಅದನ್ನು ಕೊಡುವವರು ಮನೆಯ ಹೆಂಗಸರು.